ಓದದೆ ಬಿದ್ದಿದ್ದ ಹದಿನಾಲ್ಕು ಸಾವಿರ ಮೇಲ್

2024ರ ಸೆಪ್ಟೆಂಬರ್‌ನಲ್ಲಿ ಒಂದು ಸಂಜೆ ನನ್ನ ಜಿಮೇಲ್‌ನ ಮೇಲ್ಭಾಗದಲ್ಲಿ ಕೆಂಪು ಪಟ್ಟಿಯೊಂದು ಕಾಣಿಸಿತು. ಜಾಗ ತುಂಬುತ್ತಾ ಬಂದಿದೆ, ಪೂರ್ತಿ ತುಂಬಿದರೆ ಮೇಲ್ ಕಳಿಸುವುದಕ್ಕೂ ಆಗುವುದಿಲ್ಲ, ಬರುವುದೂ ನಿಲ್ಲುತ್ತದೆ ಎಂದು ಅದರಲ್ಲಿತ್ತು. ಗೂಗಲ್ ಪುಕ್ಕಟೆಯಾಗಿ ಕೊಡುವುದು 15 ಜಿಬಿ. ಮೇಲ್, ಡ್ರೈವ್, ಫೋಟೋ ಮೂರಕ್ಕೂ ಸೇರಿ ಅಷ್ಟೇ. ನಾನು ಶಿರಸಿಯ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವವನು. 2011ರಲ್ಲಿ ಖಾತೆ ತೆರೆದವನು ಬೇಕಾದ ಮೇಲ್ ಬಂದಾಗ ಅದೊಂದನ್ನು ತೆರೆದು ನೋಡುತ್ತಿದ್ದೆನೇ ಹೊರತು ಉಳಿದವುಗಳ ಕಡೆ ಕಣ್ಣು ಹಾಯಿಸಿರಲಿಲ್ಲ. ಓದದೆ ಬಿದ್ದವು ಒಟ್ಟು 14,318.

ಗಣೇಶನ ಹಬ್ಬಕ್ಕೆ ಬಂದಿದ್ದ ಅಕ್ಕನ ಮಗಳು ಇನ್ನೂ ನಮ್ಮ ಮನೆಯಲ್ಲೇ ಇದ್ದಳು. ಅವಳ ಕೆಲಸವೆಲ್ಲ ಮೇಲ್ ಮೇಲೆಯೇ ನಡೆಯುವುದು. "ಎಲ್ಲಾ ಒಂದೇ ಸಲ ಡಿಲೀಟ್ ಮಾಡಿಬಿಡೋಣ ಅಲ್ವಾ ಪುಟ್ಟಿ" ಎಂದೆ.

"ಬೇಡ ಮಾವ. ಮೊದಲು ಉಳಿಸಬೇಕಾದ್ದನ್ನು ಎತ್ತಿಡೋಣ. ಅಳಿಸೋದು ಆಮೇಲೆ" ಎಂದಳು.

ಹಾಗಾದರೆ ಎಲ್ಲವನ್ನೂ 'ಓದಿದ್ದು' ಎಂದು ಗುರುತು ಮಾಡಿಬಿಟ್ಟರೆ ಸಂಖ್ಯೆಯಾದರೂ ಸೊನ್ನೆಯಾಗುತ್ತದಲ್ಲ ಎಂದೆ. ಅದಕ್ಕೂ ಅವಳು ಒಪ್ಪಲಿಲ್ಲ. ಅವಳು ಕೊಟ್ಟ ಕಾರಣ ಆಗ ಅರ್ಥವಾಗಲಿಲ್ಲ, ಮರುದಿನ ಆಯಿತು. ನಾನು ತೆರೆಯದೇ ಬಿಟ್ಟದ್ದು ಯಾವುದು, ನೋಡಿ ಮುಗಿಸಿದ್ದು ಯಾವುದು ಎಂದು ಬೇರ್ಪಡಿಸುವುದಕ್ಕೆ ನನ್ನ ಬಳಿ ಉಳಿದಿದ್ದ ಗುರುತು 'ಓದಿಲ್ಲ' ಎನ್ನುವ ಆ ದಪ್ಪ ಅಕ್ಷರ ಒಂದೇ. ಅದನ್ನು ಅಳಿಸಿದರೆ ರಾಶಿ ಹಾಗೇ ಇರುತ್ತದೆ, ಅದರೊಳಗೆ ಹುಡುಕುವ ದಾರಿ ಮಾತ್ರ ಮುಚ್ಚಿಹೋಗುತ್ತದೆ.

ಹುಡುಕುವುದಕ್ಕೆ ಅವಳು ಮೂರು ಸಾಲು ಬರೆದುಕೊಟ್ಟಳು. ಜಿಮೇಲ್‌ನ ಸರ್ಚ್ ಪೆಟ್ಟಿಗೆಯಲ್ಲಿ ಒಂದೊಂದಾಗಿ ಟೈಪ್ ಮಾಡುವಂಥವು:

```
is:unread from:incometax.gov.in
is:unread category:primary newer_than:60d
is:unread filename:pdf newer_than:1y
```

ಮೊದಲನೆಯದು ಆದಾಯ ತೆರಿಗೆಯವರ ಓದದ ಮೇಲ್. ಎರಡನೆಯದು ಕಳೆದ ಅರವತ್ತು ದಿನಗಳಲ್ಲಿ ಮುಖ್ಯ ವಿಭಾಗಕ್ಕೆ ಬಂದದ್ದು. ಮೂರನೆಯದು ಒಂದು ವರ್ಷದೊಳಗೆ ಪಿಡಿಎಫ್ ಲಗತ್ತಾಗಿ ಬಂದದ್ದು. ಬೇಕು ಅನ್ನಿಸಿದ್ದಕ್ಕೆ ನಕ್ಷತ್ರ ಹಾಕುತ್ತಾ ಹೋಗಬೇಕು, ಓದುತ್ತಾ ಕೂರಬಾರದು.

ಮೊದಲ ಸಾಲಿಗೇ ನನ್ನ ಎದೆ ಧಸಕ್ಕೆಂದಿತು. 139(9) ಸೆಕ್ಷನ್ ಪ್ರಕಾರ ನಾನು ಸಲ್ಲಿಸಿದ ರಿಟರ್ನ್ ದೋಷಪೂರಿತವಾಗಿದೆ ಎಂಬ ನೋಟಿಸ್ ಅದು. ಬಂದು ಹತ್ತು ದಿನ ಆಗಿತ್ತು. ಅದಕ್ಕೆ ಉತ್ತರಿಸಲು ಇರುವ ಕಾಲಾವಕಾಶ ಹದಿನೈದು ದಿನ. ಅಷ್ಟರಲ್ಲಿ ಸರಿಪಡಿಸದಿದ್ದರೆ ರಿಟರ್ನ್ ಸಲ್ಲಿಸಿಯೇ ಇಲ್ಲ ಎಂದು ಪರಿಗಣಿಸಬಹುದು. ಠೇವಣಿಯ ಬಡ್ಡಿಯ ಮೇಲೆ ಕಡಿತವಾಗಿದ್ದ ತೆರಿಗೆಯನ್ನು ನಾನು ವಾಪಸ್ ಕೇಳಿದ್ದೆ, ಆದರೆ ಆ ಬಡ್ಡಿಯನ್ನೇ ಆದಾಯದಲ್ಲಿ ತೋರಿಸಿರಲಿಲ್ಲ. ಆ ವರ್ಷ ಆಡಿಟರ್ ಹತ್ತಿರ ಹೋಗದೆ ನಾನೇ ತುಂಬಿದ್ದರಿಂದ ಆದ ತಪ್ಪು. ಮರುದಿನವೇ ಆಡಿಟರನ್ನು ಕಂಡು ಪೋರ್ಟಲ್‌ನಲ್ಲಿ ಸರಿಪಡಿಸಿ ಸಲ್ಲಿಸಿದೆ. ಆ ಸಂಜೆ ಅವಳ ಮಾತು ಕೇಳದೆ ಎಲ್ಲವನ್ನೂ ಅಳಿಸಿದ್ದರೆ ಉಳಿದ ಐದು ದಿನವೂ ಗೊತ್ತಿಲ್ಲದೆ ಕಳೆದುಹೋಗುತ್ತಿತ್ತು.

ಆ ಮೂರು ಸಾಲಿನಿಂದ ಮೂವತ್ತೆಂಟು ಮೇಲ್‌ಗೆ ನಕ್ಷತ್ರ ಬಿತ್ತು. ಹದಿನಾಲ್ಕು ಸಾವಿರದಲ್ಲಿ ಮೂವತ್ತೆಂಟು.

ಅಳಿಸುವ ಕೆಲಸ ಶುರುವಾದ ಮೇಲೆ ನಾನು ಕಲಿತ ಮುಖ್ಯ ಸಂಗತಿ, ರಾಶಿಯನ್ನು ಮೇಲ್ ಲೆಕ್ಕದಲ್ಲಿ ನೋಡಬಾರದು, ಕಳಿಸಿದವರ ಲೆಕ್ಕದಲ್ಲಿ ನೋಡಬೇಕು ಎನ್ನುವುದು. ಒಂದೊಂದೇ ನೋಡಿದರೆ ಹದಿನಾಲ್ಕು ಸಾವಿರ ಸಲ ತೀರ್ಮಾನ ಮಾಡಬೇಕು. ಕಳಿಸಿದವರನ್ನು ನೋಡಿದರೆ, ನನ್ನ ಪೆಟ್ಟಿಗೆಯಲ್ಲಿ, ಹನ್ನೆರಡು ವಿಳಾಸಗಳ ಬಗ್ಗೆ ತೀರ್ಮಾನ ಮಾಡಿದ್ದಕ್ಕೇ ಅರ್ಧಕ್ಕಿಂತ ಹೆಚ್ಚು ಕರಗಿತು. ಒಂದೇ ಅಂಗಡಿಯ ರಿಯಾಯಿತಿ ಮೇಲ್ ಸಾವಿರದ ಏಳುನೂರು ಇತ್ತು. ಅದನ್ನು ಹೀಗೆ ಹುಡುಕಿದೆ, ಉದ್ಧರಣ ಚಿಹ್ನೆಯೊಳಗೆ ಅಂಗಡಿಯ ಮೇಲ್ ವಿಳಾಸ ಹಾಕಿ:

```
from:"offers@example.com" -is:starred
```

ಕೊನೆಯಲ್ಲಿರುವ ಕಳೆಯುವ ಚಿಹ್ನೆ ನಕ್ಷತ್ರ ಹಾಕಿದ್ದನ್ನು ಹೊರಗಿಡುತ್ತದೆ. ಫಲಿತಾಂಶ ಬಂದ ಮೇಲೆ ಮೇಲ್ಗಡೆಯ ಚೌಕದಲ್ಲಿ ಟಿಕ್ ಮಾಡಿದರೆ ಆ ಪುಟದಲ್ಲಿ ಕಾಣುವ ಐವತ್ತು ಮಾತ್ರ ಆಯ್ಕೆಯಾಗುತ್ತವೆ. ಹಾಗೆ ಐವತ್ತೈವತ್ತರಂತೆ ಅಳಿಸುತ್ತಾ ಹೋಗಿ ನಾನು ಅರ್ಧ ಗಂಟೆ ಕಳೆದೆ. ಟಿಕ್ ಮಾಡಿದ ತಕ್ಷಣ ಪಟ್ಟಿಯ ತಲೆಯ ಮೇಲೆ `Select all conversations that match this search` ಎಂಬ ಸಣ್ಣ ಸಾಲೊಂದು ಮೂಡುತ್ತದೆ. ಅದನ್ನು ಒತ್ತಿದರೆ ಹುಡುಕಾಟಕ್ಕೆ ಸಿಕ್ಕಿದ್ದೆಲ್ಲ ಒಟ್ಟಿಗೇ ಆಯ್ಕೆಯಾಗುತ್ತದೆ. ಈ ಕೆಲಸಕ್ಕೆ ಕಂಪ್ಯೂಟರ್ ಮುಂದೆಯೇ ಕೂರಬೇಕು, ಫೋನಿನಲ್ಲಿ ಇಷ್ಟು ಸಲೀಸಾಗಿ ಆಗುವುದಿಲ್ಲ.

ಹೆಸರು ನೋಡಿ ಅಳಿಸಬಾರದು, ವಿಳಾಸ ನೋಡಿ ಅಳಿಸಬೇಕು. ನನ್ನ ಬ್ಯಾಂಕಿನ ಹೆಸರಿನಲ್ಲಿ ಬರುತ್ತಿದ್ದ ಮೇಲ್‌ಗಳ ಹಿಂದೆ ಮೂರು ಬೇರೆ ಬೇರೆ ವಿಳಾಸ ಇದ್ದವು. ಒಂದರಿಂದ ಸಾಲದ ಜಾಹೀರಾತು, ಇನ್ನೊಂದರಿಂದ ತಿಂಗಳ ಸ್ಟೇಟ್‌ಮೆಂಟ್, ಮತ್ತೊಂದರಿಂದ ಖಾತೆಯಲ್ಲಿ ಹಣ ಹೋಗಿ ಬಂದ ಸೂಚನೆ. ಪಟ್ಟಿಯಲ್ಲಿ ಮೂರಕ್ಕೂ ಒಂದೇ ಹೆಸರು ಕಾಣುತ್ತದೆ. ಹೆಸರಿನ ಮೇಲೆ ಕರ್ಸರ್ ಇಟ್ಟರೆ ವಿಳಾಸ ತೋರುತ್ತದೆ. ಜಾಹೀರಾತಿನದನ್ನು ಮಾತ್ರ ತೆಗೆದೆ.

ಇಷ್ಟು ಜಾಗ್ರತೆ ಮಾಡಿಯೂ ಒಂದು ಕಡೆ ಎಡವಿದೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಹೊಸಬರು ಎಡವುವುದು ಇಲ್ಲೇ. ಎರಡನೆಯ ದಿನ ಧೈರ್ಯ ಬಂದು, ಮೂರು ವರ್ಷಕ್ಕಿಂತ ಹಳೆಯದಾದ, ಓದದ ಎಲ್ಲವನ್ನೂ ತೆಗೆಯೋಣ ಎಂದುಕೊಂಡೆ:

```
is:unread older_than:3y -is:starred
```

ಎಲ್ಲಾ ಆಯ್ಕೆ ಮಾಡಿ ಅಳಿಸಿದೆ. ನಾಲ್ಕು ದಿನ ಬಿಟ್ಟು ಆಡಿಟರ್ ಹಿಂದಿನ ವರ್ಷದ ಆಗಸ್ಟ್‌ನಲ್ಲಿ ಕಳಿಸಿದ್ದ ಲೆಕ್ಕದ ಹಾಳೆ ಬೇಕಾಗಿ ಹುಡುಕಿದರೆ ಸಿಗಲೇ ಇಲ್ಲ. ಹಿಂದಿನ ವರ್ಷದ್ದು ಮೂರು ವರ್ಷಕ್ಕಿಂತ ಹಳೆಯದು ಹೇಗಾಯಿತು? ಆದದ್ದು ಇಷ್ಟು. ಜಿಮೇಲ್ ಒಂದೇ ವಿಷಯದ ಮೇಲ್‌ಗಳನ್ನೂ ಅವಕ್ಕೆ ಬಂದ ಉತ್ತರಗಳನ್ನೂ ಒಂದೇ ಸರಣಿಯಾಗಿ ಪೋಣಿಸಿ ಒಂದೇ ಸಾಲಾಗಿ ತೋರಿಸುತ್ತದೆ. ನಮ್ಮ ಆಡಿಟರ್ ಪ್ರತಿ ವರ್ಷ ಹೊಸ ಮೇಲ್ ಬರೆಯುವವರಲ್ಲ, 2019ರ ಮೇಲ್‌ಗೇ ಉತ್ತರವಾಗಿ ಬರೆಯುತ್ತಾ ಬಂದಿದ್ದರು. ಆ ಸರಣಿಯಲ್ಲಿ 2020ರ ಒಂದು ಮೇಲ್ ನಾನು ಓದದೆ ಬಿಟ್ಟದ್ದಿತ್ತು. ನನ್ನ ಹುಡುಕಾಟಕ್ಕೆ ಸಿಕ್ಕಿದ್ದು ಆ ಒಂದೇ ಮೇಲ್. ಅಳಿಸಿದಾಗ ಹೋದದ್ದು ಪೂರ್ತಿ ಸರಣಿ.

ಅಳಿಸಿದ ಮೇಲ್ ಮೂವತ್ತು ದಿನ ಕಸದ ಬುಟ್ಟಿಯಲ್ಲಿರುತ್ತದೆ, ಆಮೇಲೆ ತಾನೇ ಹೋಗುತ್ತದೆ. ನಾನು ಬುಟ್ಟಿಯನ್ನು ಅವತ್ತೇ ಖಾಲಿ ಮಾಡಿರಲಿಲ್ಲ. ಹಾಗಾಗಿ `in:trash` ಜೊತೆಗೆ ಆಡಿಟರ್ ವಿಳಾಸ ಹಾಕಿ ಹುಡುಕಿ ಇಡೀ ಸರಣಿಯನ್ನು ಇನ್‌ಬಾಕ್ಸ್‌ಗೆ ವಾಪಸ್ ತಂದೆ. ಅಂದಿನಿಂದ ದೊಡ್ಡ ಪ್ರಮಾಣದಲ್ಲಿ ಅಳಿಸುವ ಮೊದಲು ಕಳಿಸಿದವರ ಹೆಸರಿನ ಪಕ್ಕದಲ್ಲಿರುವ ಸಣ್ಣ ಅಂಕಿ ನೋಡುತ್ತೇನೆ. ಅಲ್ಲಿ 2 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಸರಣಿ, ಅದರಲ್ಲಿ ಬಹುಶಃ ಯಾರೋ ಮನುಷ್ಯರು ಮಾತಾಡಿದ್ದಾರೆ ಎಂದು ಅರ್ಥ. ಅಂಥದ್ದರ ಟಿಕ್ ತೆಗೆಯುತ್ತೇನೆ. ಜಾಹೀರಾತುಗಳಿಗೆ ಸಾಮಾನ್ಯವಾಗಿ ಅಂಕಿಯೇ ಇರುವುದಿಲ್ಲ. ಆದರೆ ಹೀಗೆ ಕಣ್ಣಾಡಿಸುವುದು ಪುಟ ಪುಟವಾಗಿ ಮಾತ್ರ ಸಾಧ್ಯ. ಅದಕ್ಕೇ ವಯಸ್ಸು ನೋಡಿ ಅಳಿಸುವುದನ್ನೇ ಬಿಟ್ಟು ಮತ್ತೆ ವಿಳಾಸ ನೋಡಿ ಅಳಿಸುವುದಕ್ಕೆ ಮರಳಿದೆ.

ಇನ್ನೊಂದು ಮಾತು. ಒಂಬತ್ತು ಸಾವಿರ ಜಾಹೀರಾತು ಅಳಿಸಿದರೂ ನನಗೆ ಒಂದು ಜಿಬಿ ಜಾಗವೂ ಸಿಗಲಿಲ್ಲ. ಜಾಗ ತಿಂದಿದ್ದು ಮದುವೆ ಫೋಟೋ, ಸ್ಕ್ಯಾನ್ ಮಾಡಿದ ಪ್ರಶ್ನೆಪತ್ರಿಕೆ ಇಂಥ ದೊಡ್ಡ ಲಗತ್ತುಗಳು. `larger:10M` ಎಂದು ಹುಡುಕಿ, ಸಿಕ್ಕಿದ ಅರವತ್ತು ಚಿಲ್ಲರೆ ಮೇಲ್‌ಗಳಲ್ಲಿ ಬೇಕಾದ್ದನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಉಳಿದದ್ದನ್ನು ಅಳಿಸಿದ ಮೇಲೆ, ಬುಟ್ಟಿಯೂ ಖಾಲಿಯಾದಾಗ ಕೆಂಪು ಪಟ್ಟಿ ಹೋಯಿತು. ಬುಟ್ಟಿಯಲ್ಲಿ ಇರುವಷ್ಟು ದಿನ ಅದೂ ಜಾಗದ ಲೆಕ್ಕಕ್ಕೆ ಸೇರುತ್ತದೆ.

ಅಕ್ಕನ ಮಗಳು ಊರಿಗೆ ಹೊರಡುವ ದಿನ ರಾಶಿ ಇನ್ನೂ ಮೂರು ಸಾವಿರ ಇತ್ತು. "ದಿನಕ್ಕೆ ಇಪ್ಪತ್ತೈದೇ ನಿಮಿಷ ಮಾವ. ಮೊದಲ ಹದಿನೈದು ಇವತ್ತಿಂದಕ್ಕೆ, ಆಮೇಲೆ ಹತ್ತು ಹಳೇದಕ್ಕೆ. ಉಲ್ಟಾ ಮಾಡಬೇಡಿ" ಎಂದು ಹೇಳಿ ಹೋದಳು. ಒಂದು ದಿನ ಉಲ್ಟಾ ಮಾಡಿ ನೋಡಿದೆ. ಹಳೆಯದರಲ್ಲಿ ಮುಳುಗಿ ಮುಕ್ಕಾಲು ಗಂಟೆ ಹೋಯಿತು, ಅವತ್ತಿನ ಮೂವತ್ತೈದು ಮೇಲ್ ಹಾಗೇ ಉಳಿದು ಹಳೆಯ ರಾಶಿಗೇ ಸೇರಿದವು.

ಹೊತ್ತು ರಾತ್ರಿ ಎಂಟೂವರೆ. ಬೆಳಿಗ್ಗೆ ಪ್ರಯತ್ನಿಸಿದ್ದೆ, ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ನೋಡಿದ್ದು ತೀರ್ಮಾನವಾಗದೆ ತಲೆಯಲ್ಲೇ ಉಳಿಯುತ್ತಿತ್ತು. ಅಕ್ಟೋಬರ್‌ನ ಒಂದು ಮಂಗಳವಾರದ ಪಟ್ಟಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ಅದನ್ನೇ ಹೇಳುತ್ತೇನೆ.

ಮೊದಲು ಯಾವುದನ್ನೂ ತೆರೆಯದೆ, ಕಳಿಸಿದವರು ಮತ್ತು ವಿಷಯ ಇವೆರಡನ್ನೇ ನೋಡುತ್ತಾ ಮೇಲಿಂದ ಕೆಳಕ್ಕೆ ಹೋದೆ. ಮ್ಯೂಚುವಲ್ ಫಂಡ್‌ನ ವಾರ್ಷಿಕ ವರದಿ, ಬೆಳಿಗ್ಗೆಯ ಎರಡು ಒಟಿಪಿ, ಬಸ್ ಟಿಕೆಟ್ ಆ್ಯಪ್‌ನ ರಿಯಾಯಿತಿ: ಟಿಕ್, ಅಳಿಸಿದೆ. ಬಟ್ಟೆ ಅಂಗಡಿಯದು ಆ ವಾರದಲ್ಲಿ ಮೂರನೆಯ ಸಲ ಬಂದಿತ್ತು. ಅಳಿಸುವುದಕ್ಕೆ ಬದಲು ತೆರೆದು, ಕಳಿಸಿದವರ ಹೆಸರಿನ ಪಕ್ಕದಲ್ಲೇ ಇರುವ `Unsubscribe` ಒತ್ತಿದೆ. ದಿನಕ್ಕೆ ಐದು ಸಾವಿರಕ್ಕಿಂತ ಹೆಚ್ಚು ಮೇಲ್ ಕಳಿಸುವವರು ಜಾಹೀರಾತಿನ ಮೇಲ್‌ಗಳಲ್ಲಿ ಹೀಗೆ ಒಂದೇ ಒತ್ತಿಗೆ ಹೊರಬರುವ ದಾರಿ ಇಡಲೇಬೇಕೆಂದು ಗೂಗಲ್ 2024ರಲ್ಲಿ ನಿಯಮ ತಂದಿತು. ಗೊತ್ತಿರುವ ಅಂಗಡಿ, ಸಂಸ್ಥೆಗೆ ಮಾತ್ರ ಇದನ್ನು ಮಾಡುತ್ತೇನೆ. ಗುರುತೇ ಇಲ್ಲದ ಕಡೆಯಿಂದ ಬಂದಿದ್ದರೆ ಒಳಗಿನ ಯಾವ ಕೊಂಡಿಯನ್ನೂ ಮುಟ್ಟದೆ ಸ್ಪ್ಯಾಮ್ ಎಂದು ಗುರುತಿಸುತ್ತೇನೆ. ಹಾಗೆಂದು ಬ್ಯಾಂಕಿನ ಕಿರಿಕಿರಿ ತಾಳಲಾರದೆ ಅದರ ಮೇಲ್ ಅನ್ನು ಸ್ಪ್ಯಾಮ್‌ಗೆ ಹಾಕಿದರೆ ನಾಳೆ ಬೇಕಾದ ಮೇಲ್ ಕೂಡ ಅಲ್ಲಿಗೇ ಹೋಗುವ ಅಪಾಯ ಇದೆ.

ಬ್ಯಾಂಕ್ ಸ್ಟೇಟ್‌ಮೆಂಟ್ ಅನ್ನು ಓದಲೂ ಇಲ್ಲ, ಅಳಿಸಲೂ ಇಲ್ಲ. ಆರ್ಕೈವ್ ಮಾಡಿದೆ. ಈ ಆರ್ಕೈವ್ ಬಗ್ಗೆ ನನಗೆ ಬಹಳ ದಿನ ಹೆದರಿಕೆಯಿತ್ತು, ಎಲ್ಲೋ ಕಳೆದುಹೋಗುತ್ತದೆ ಎಂದು. ಅದು ಇನ್‌ಬಾಕ್ಸ್‌ನಿಂದ ಇಳಿದು `All Mail`ನಲ್ಲಿ ಇರುತ್ತದೆ ಅಷ್ಟೇ, ಹುಡುಕಿದರೆ ಸಿಗುತ್ತದೆ. ಅದಕ್ಕೆ ಯಾರಾದರೂ ಉತ್ತರ ಬರೆದರೆ ತಾನೇ ಇನ್‌ಬಾಕ್ಸ್‌ಗೆ ಮರಳುತ್ತದೆ. ಅಳಿಸಲು ಮನಸ್ಸಾಗದ, ಓದುವ ಅಗತ್ಯವೂ ಇಲ್ಲದ ಎಲ್ಲದಕ್ಕೂ ಇದೇ ಜಾಗ.

ಕರೆಂಟ್ ಬಿಲ್ ಬಂದಿತ್ತು. ಕಟ್ಟುವುದಕ್ಕೆ ಎರಡು ನಿಮಿಷ ಸಾಕು, ಆಗಲೇ ಕಟ್ಟಿ ಆರ್ಕೈವ್ ಮಾಡಿದೆ. ಅಷ್ಟು ಸಣ್ಣ ಕೆಲಸವನ್ನು ಮುಂದೂಡಿದರೆ ಮತ್ತೆ ನೋಡಿ, ಮತ್ತೆ ಅರ್ಥ ಮಾಡಿಕೊಂಡು, ಮತ್ತೆ ಮುಂದೂಡುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಉಳಿದದ್ದು ಮೂರು. ನಿಜವಾದ ಕಷ್ಟ ಇರುವುದು ಇವುಗಳಲ್ಲೇ. ತರಬೇತಿಗೆ ಶಾಲೆಯಿಂದ ಒಬ್ಬರ ಹೆಸರು ಶುಕ್ರವಾರದೊಳಗೆ ಕಳಿಸಿ ಎಂದು ಒಂದು. ಅದಕ್ಕೆ ಮುಖ್ಯೋಪಾಧ್ಯಾಯಿನಿಯವರ ಒಪ್ಪಿಗೆ ಬೇಕು. ರಾತ್ರಿ ಎಂಟೂವರೆಗೆ ಅದನ್ನು ಎಷ್ಟು ಸಲ ಓದಿದರೂ ಏನೂ ಆಗುವುದಿಲ್ಲ. ಗಡಿಯಾರದ ಗುರುತಿನ `Snooze` ಒತ್ತಿ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಇಟ್ಟೆ. ಆ ಕ್ಷಣ ಮೇಲ್ ಕಣ್ಮರೆಯಾಗಿ, ಮರುದಿನ ಹತ್ತಕ್ಕೆ, ನಾನು ಸ್ಟಾಫ್ ರೂಮಿನಲ್ಲಿ ಇರುವಾಗ ಇನ್‌ಬಾಕ್ಸ್‌ನ ತುದಿಗೆ ಬಂದು ಕೂತಿತು. ಅಲ್ಲೇ ಎದ್ದು ಹೋಗಿ ಮೇಡಂ ಅವರನ್ನು ಕೇಳಿ ಹೆಸರು ಕಳಿಸಿದೆ.

ಎರಡನೆಯದು ಸಹೋದ್ಯೋಗಿಯೊಬ್ಬರು ಕಳಿಸಿದ ಪ್ರಶ್ನೆಪತ್ರಿಕೆಯ ಕರಡು. ತಿದ್ದಲು ಮುಕ್ಕಾಲು ಗಂಟೆ ಬೇಕು. ಶನಿವಾರ ಮಧ್ಯಾಹ್ನ ಮೂರಕ್ಕೆ ಮುಂದೂಡಿದೆ, ಜೊತೆಗೆ "ಸರ್, ಶನಿವಾರ ಸಂಜೆಯೊಳಗೆ ನೋಡಿ ಕಳಿಸುತ್ತೇನೆ" ಎಂದು ಒಂದು ಸಾಲು ಬರೆದೆ. ಮೂರನೆಯದು ನಾನೇ ಇಷ್ಟಪಟ್ಟು ತರಿಸಿಕೊಳ್ಳುವ ಗಣಿತದ ವಾರಪತ್ರ. ಭಾನುವಾರದ ಕಾಫಿಯ ಹೊತ್ತಿಗೆ ಇಟ್ಟೆ. ಅಲ್ಲಿಗೆ ಹನ್ನೊಂದು ನಿಮಿಷ ಆಗಿತ್ತು.

ಮುಂದೂಡುವುದು ಹಿತವಾದ ಅಭ್ಯಾಸ, ಅದಕ್ಕೇ ಅದು ಕೆಡಲೂ ಬೇಗ ಕೆಡುತ್ತದೆ. ಮೂರನೆಯ ವಾರದ ಶನಿವಾರ ಫೋನ್ ತೆಗೆದರೆ ಹದಿನೇಳು ಮೇಲ್ ಒಟ್ಟಿಗೇ ಮೇಲೆ ಬಂದು ಕೂತಿದ್ದವು. ತೀರ್ಮಾನ ಮಾಡಲು ಬೇಸರವಾದದ್ದನ್ನೆಲ್ಲ ಶನಿವಾರಕ್ಕೆ ತಳ್ಳುತ್ತಾ ಬಂದಿದ್ದೆ. ಹೊಸ ರಾಶಿ ಹುಟ್ಟಿತ್ತು, ಕಣ್ಣಿಗೆ ಬೀಳದ ಜಾಗದಲ್ಲಿ. ಅವತ್ತು ಹದಿನೇಳನ್ನೂ ಕೂತು ನೋಡಿದೆ. ಇಂಥ ದಿನ ಇಂಥ ಹೊತ್ತಿಗೆ ಇಂಥ ಕೆಲಸ ಮಾಡುತ್ತೇನೆ ಎಂದು ಹೇಳಲು ಬಂದದ್ದು ಐದಕ್ಕೆ ಮಾತ್ರ. ಉಳಿದ ಹನ್ನೆರಡು 'ಆಮೇಲೆ ನೋಡೋಣ' ಎನ್ನುವಂಥವು. ಈಗ ಮುಂದೂಡುವ ಮೊದಲು ಮನಸ್ಸಿನಲ್ಲೇ ಒಂದು ಕ್ರಿಯಾಪದ ಹೇಳಿಕೊಳ್ಳುತ್ತೇನೆ: ಕೇಳಬೇಕು, ತಿದ್ದಬೇಕು, ಕಟ್ಟಬೇಕು. ಕ್ರಿಯಾಪದ ಸಿಗದಿದ್ದರೆ ಅದು ಮುಂದೂಡುವ ಮೇಲ್ ಅಲ್ಲ, ಆರ್ಕೈವ್‌ಗೆ ಹೋಗುತ್ತದೆ. ಒಂದೇ ಮೇಲ್ ಎರಡು ಸಲ ಮರಳಿ ಬಂದಿದ್ದರೆ ಮೂರನೆಯ ಸಲ ತಳ್ಳುವುದಿಲ್ಲ. ಮಾಡುತ್ತೇನೆ, ಇಲ್ಲವೇ ಆಗುವುದಿಲ್ಲ ಎಂದು ಬರೆದು ಮುಗಿಸುತ್ತೇನೆ. ವಾರಕ್ಕೊಮ್ಮೆ ಎಡಗಡೆಯ `Snoozed` ತೆರೆದು ಎಣಿಸುತ್ತೇನೆ. ಹತ್ತು ದಾಟಿದ್ದರೆ ನಾನು ಮತ್ತೆ ತೀರ್ಮಾನ ತಪ್ಪಿಸಿಕೊಳ್ಳುತ್ತಿದ್ದೇನೆ ಎಂದೇ ಲೆಕ್ಕ.

ಕೊನೆಯ ಹತ್ತು ನಿಮಿಷ ಹಳೆಯ ರಾಶಿಗೆ. ದಿನಕ್ಕೊಂದು ವಿಳಾಸ, ಹೆಚ್ಚೆಂದರೆ ಎರಡು. ಅಳಿಸುವುದೋ, ಆರ್ಕೈವೋ, ಇನ್ನು ಮುಂದೆ ಬರದಂತೆ ನಿಲ್ಲಿಸುವುದೋ, ಒಂದು ತೀರ್ಮಾನ. ಗಡಿಯಾರ ಸದ್ದು ಮಾಡಿದರೆ ಅರ್ಧಕ್ಕೇ ನಿಲ್ಲಿಸುತ್ತೇನೆ. ಬರುವುದನ್ನು ನಿಲ್ಲಿಸಿದ್ದರ ಫಲ ಅಳಿಸಿದ್ದಕ್ಕಿಂತ ದೊಡ್ಡದಾಗಿತ್ತು. ಶುರುವಿನಲ್ಲಿ ದಿನಕ್ಕೆ ಸುಮಾರು ಮೂವತ್ತೈದು ಬರುತ್ತಿದ್ದದ್ದು ನವೆಂಬರ್ ಹೊತ್ತಿಗೆ ಹನ್ನೆರಡಕ್ಕೆ ಇಳಿಯಿತು. ಹದಿನೈದು ನಿಮಿಷದ ಕೆಲಸ ಆರು ನಿಮಿಷಕ್ಕೆ ಮುಗಿಯತೊಡಗಿದ್ದು ಅದರಿಂದ.

ರಾಶಿಯ ತಳದಲ್ಲಿ ಉಳಿದ ಇನ್ನೂರು ಚಿಲ್ಲರೆ ಮೇಲ್‌ಗಳು ಮನುಷ್ಯರು ನನಗಾಗಿ ಬರೆದವು. ಅವುಗಳಿಗೆ ವಿಳಾಸದ ಲೆಕ್ಕ ನಡೆಯುವುದಿಲ್ಲ, ಒಂದೊಂದಾಗಿಯೇ ತೆರೆಯಬೇಕಾಯಿತು. 2022ರಲ್ಲಿ ಹತ್ತನೆಯ ತರಗತಿ ಮುಗಿಸಿ ಹೋದ ಹುಡುಗಿಯೊಬ್ಬಳು, ಡಿಪ್ಲೊಮಾ ಸೇರಿದೆ ಸರ್, ತ್ರಿಕೋನಮಿತಿ ಈಗ ಹೆದರಿಸುವುದಿಲ್ಲ ಎಂದು ಬರೆದದ್ದು ಅಲ್ಲಿತ್ತು. ಅದಕ್ಕೆ ಉತ್ತರ ಬರೆಯಲು ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಇಟ್ಟುಕೊಂಡು, ಆ ಹೊತ್ತಿಗೇ ಬರೆದೆ.

ಡಿಸೆಂಬರ್‌ನಲ್ಲಿ ಆದಾಯ ತೆರಿಗೆಯವರ ವಿಳಾಸದಿಂದ ಇನ್ನೊಂದು ಮೇಲ್ ಬಂತು. ಪಟ್ಟಿಯಲ್ಲಿ ಅವತ್ತು ಇದ್ದದ್ದೇ ಒಂಬತ್ತು, ಅದು ನಾಲ್ಕನೆಯದು. ಪಿಡಿಎಫ್ ತೆರೆಯಲು ಪ್ಯಾನ್ ಸಂಖ್ಯೆಯನ್ನು ಸಣ್ಣಕ್ಷರದಲ್ಲಿ ಹಾಕಿ, ಅದಕ್ಕೆ ಸೇರಿಸಿ ಹುಟ್ಟಿದ ದಿನಾಂಕ ಟೈಪ್ ಮಾಡಿದೆ. 143(1)ರ ಮಾಹಿತಿ ಪತ್ರ. ಸರಿಪಡಿಸಿ ಸಲ್ಲಿಸಿದ ರಿಟರ್ನ್ ಅಂಗೀಕಾರವಾಗಿತ್ತು, ಕಟ್ಟಬೇಕಾದ ಬಾಕಿ ಏನೂ ಇರಲಿಲ್ಲ. ಓದಿ, ಆಡಿಟರ್‌ಗೆ ಒಂದು ಪ್ರತಿ ಕಳಿಸಿ, ಆರ್ಕೈವ್ ಮಾಡಿ ಐದನೆಯದಕ್ಕೆ ಹೋದೆ.